ಶಾಲೆಯ ಹಾಲ್ ಒಂದೇ, ಕೇಳುವವರು ಮೂರು ಕಡೆಯವರು: ಯಾರಿಗೆ ಮೊದಲು ಕೊಡಬೇಕು?

ಮಣಿಪಾಲದ ರಕ್ಷಕಿ

ಎಲ್ಲರಿಗೂ ನಮಸ್ಕಾರ. ಉಡುಪಿ ಹತ್ತಿರ ಒಂದು ವಿದ್ಯಾವರ್ಧಕ ಸಂಘ ನಡೆಸುವ ಅನುದಾನರಹಿತ ಪ್ರೌಢಶಾಲೆಯಲ್ಲಿ ನನ್ನ ಮಗಳು ಓದುತ್ತಿದ್ದಾಳೆ. ಈ ವರ್ಷ ನನ್ನನ್ನು ಶಿಕ್ಷಕ-ರಕ್ಷಕ ಸಂಘದ ಕಾರ್ಯದರ್ಶಿ ಮಾಡಿದ್ದಾರೆ. ಶಾಲೆಗೆ ಇರುವುದು ಒಂದೇ ಹಾಲ್. ಕುರ್ಚಿ ಹಾಕಿದರೆ 300 ಜನ ಕೂರಬಹುದು, ಸ್ಟೇಜ್ ಉಂಟು, ಮೈಕ್ ಉಂಟು. ಮಳೆಗಾಲ ಶುರುವಾದ ಮೇಲೆ ಅದಕ್ಕೆ ಎಲ್ಲರೂ ಮುಗಿಬೀಳುತ್ತಾರೆ.

ಈಗಿನ ತಕರಾರು ಬರುವ ಶನಿವಾರದ್ದು. ಕನ್ನಡ ಟೀಚರ್‌ಗೆ ಪ್ರತಿಭಾ ಕಾರಂಜಿಯ ಅಭ್ಯಾಸಕ್ಕೆ ಮಧ್ಯಾಹ್ನ 2ರಿಂದ 4.30ರವರೆಗೆ ಹಾಲ್ ಬೇಕು, ಕ್ಲಸ್ಟರ್ ಮಟ್ಟದ ಸ್ಪರ್ಧೆ ಮಂಗಳವಾರವೇ ಉಂಟು. ರಕ್ಷಕರೇ ಹಣ ಹಾಕಿ ಗುರುಗಳನ್ನು ಕರೆಸಿ ನಡೆಸುವ ಯಕ್ಷಗಾನ ತರಗತಿ ಪ್ರತಿ ಶನಿವಾರ 3ರಿಂದ 5. ಇನ್ನು ಹತ್ತಿರದ ಮಹಿಳಾ ಮಂಡಲದವರು ಭಾನುವಾರ ತುಳುವಿನ ಆಟಿ ತಿಂಗಳ ಕಾರ್ಯಕ್ರಮ 'ಆಟಿಡೊಂಜಿ ದಿನ' ಇಟ್ಟುಕೊಂಡಿದ್ದಾರೆ. ಜೂನ್‌ನಲ್ಲೇ 2,000 ರೂಪಾಯಿ ಮುಂಗಡ ಕೊಟ್ಟು ರಶೀದಿ ಪಡೆದಿದ್ದಾರೆ. ಅಲಂಕಾರ ಮಾಡಲು, ಕುರ್ಚಿ ಹಾಕಲು ಶನಿವಾರ 4 ಗಂಟೆಗೇ ಬರುತ್ತೇವೆ ಎನ್ನುತ್ತಾರೆ. ಹೆಡ್‌ಮಾಸ್ಟರ್ ಬಾಯಿಮಾತಿನಲ್ಲಿ ಒಪ್ಪಿದ್ದರಂತೆ.

ಸ್ಟಾಫ್ ರೂಮಿನಲ್ಲಿ "ಇದು ಶಾಲೆ, ಮೊದಲು ಮಕ್ಕಳ ಕೆಲಸ" ಎನ್ನುತ್ತಾರೆ. ರಕ್ಷಕರು "ನಮ್ಮದೂ ಮಕ್ಕಳ ಕೆಲಸವೇ ಅಲ್ವಾ" ಎನ್ನುತ್ತಾರೆ. ಮಂಡಲದ ಅಕ್ಕ ಫೋನ್ ಮಾಡಿ "ಆಮಂತ್ರಣ ಹಂಚಿ ಆಯ್ತು, ಪತ್ರೊಡೆಗೆ ಕೆಸುವಿನ ಎಲೆಗೂ ಹೇಳಿ ಆಯ್ತು, ಈಗ ಎಂತ ಮಾಡುವುದು ಹೇಳಿ" ಎಂದು ಕೇಳುವಾಗ ನನಗೆ ಉತ್ತರ ಬರಲಿಲ್ಲ. ಗುರುವಾರ ಸಭೆ ಉಂಟು. ಈ ಶನಿವಾರದ್ದು ಮುಗಿಯಬೇಕು, ಮುಂದಕ್ಕೂ ಒಂದು ನಿಯಮ ಬರೆಯಬೇಕು. ಹಾಲ್ ನಡೆಸಿ ಅನುಭವ ಇರುವವರು ದಯವಿಟ್ಟು ಹೇಳಿ.

ಕಾಯಿದೆ ಪ್ರಕಾರ

ಮೇಡಂ, ಇದರಲ್ಲಿ ಚರ್ಚೆಯೇ ಬೇಡ. ಶಾಲೆಯ ಆವರಣ ಶೈಕ್ಷಣಿಕ ಉದ್ದೇಶಕ್ಕೆ ಮಾತ್ರ ಎಂದು 2013ರಲ್ಲೇ ಶಿಕ್ಷಣ ಇಲಾಖೆಯ ಸುತ್ತೋಲೆ ಬಂದಿದೆ. ಹೊರಗಿನವರಿಗೆ ಕೊಡಲೇಬಾರದು. ಮಹಿಳಾ ಮಂಡಲದ ಮುಂಗಡ ಹಿಂದೆ ಕೊಟ್ಟುಬಿಡಿ. ಉಳಿದದ್ದನ್ನು ಶಾಲಾಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿ, ತೀರ್ಮಾನಿಸಲಿ. ಆರ್‌ಟಿಇ ಕಾಯಿದೆಯಲ್ಲೇ ಆ ಸಮಿತಿಗೆ ಅಧಿಕಾರ ಉಂಟು, ಅದರಲ್ಲಿ ಮುಕ್ಕಾಲು ಪಾಲು ರಕ್ಷಕರೇ ಇರಬೇಕು.

ಕಾಪು ಯುವಕ ಮಂಡಲ

ಮುಂಗಡ ಹಿಂದೆ ಕೊಟ್ಟುಬಿಡಿ ಎನ್ನುವುದು ಸುಲಭ ಮಾರಾಯ್ರೆ. ನಮಗೆ ಎರಡು ವರ್ಷದ ಹಿಂದೆ ಹೀಗೇ ಆಯಿತು. ಒಂದು ಶಾಲೆಯ ಹಾಲ್‌ನಲ್ಲಿ ತಾಳಮದ್ದಳೆ ಇಟ್ಟುಕೊಂಡಿದ್ದೆವು. ಮೂರು ದಿನ ಇರುವಾಗ ಫೋನ್ ಬಂತು, ನಮ್ಮ ಯಾವುದೋ ಮೀಟಿಂಗ್ ಉಂಟು, ಹಾಲ್ ಇಲ್ಲ ಎಂದು. ಮುಂಗಡ 1,500 ಕೊಟ್ಟರು, ಸರಿ. ಭಾಗವತರಿಗೆ, ಅರ್ಥಧಾರಿಗಳಿಗೆ ಹೇಳಿ ಆಗಿತ್ತು, ಬ್ಯಾನರ್ ಕಟ್ಟಿ ಆಗಿತ್ತು, ಅಡುಗೆಯವರಿಗೆ ದುಡ್ಡು ಹೋಗಿತ್ತು. ಕೊನೆಗೆ ಒಬ್ಬರ ಮನೆಯ ಅಂಗಳಕ್ಕೆ ತಾರ್ಪಾಲು ಹಾಕಿ ಮುಗಿಸಿದೆವು. ಗಾಳಿ-ಮಳೆಗೆ ಮದ್ದಳೆಯೂ ಕೇಳಿಸಲಿಲ್ಲ, ಮಾತೂ ಕೇಳಿಸಲಿಲ್ಲ.

ಬೇಸಿಗೆಯಾದರೆ ಬಯಲಲ್ಲೇ ಮಾಡುತ್ತೇವೆ, ಯಾರ ಹಾಲೂ ಬೇಡ. ಮೇ ಕೊನೆಗೆ ಪತ್ತನಾಜೆ ಕಳೆದ ಮೇಲೆ ದೀಪಾವಳಿವರೆಗೆ ನಮ್ಮ ಊರಿನಲ್ಲಿ ಮಾಡಿನ ಅಡಿಯ ಜಾಗ ಎಲ್ಲುಂಟು? ಮದುವೆ ಹಾಲ್‌ನ ಬಾಡಿಗೆ ನಮಗೆ ಎಟುಕುವುದಿಲ್ಲ. ಇದನ್ನೂ ಯಾರಾದರೂ ಯೋಚಿಸಿ.

ಹಳೆ ರಿಜಿಸ್ಟರ್

ಮಂಗಳೂರಿನ ಒಂದು ಶಿಕ್ಷಣ ಸಂಸ್ಥೆಯ ಆಫೀಸಿನಲ್ಲಿ 19 ವರ್ಷ ಹಾಲ್‌ನ ರಿಜಿಸ್ಟರ್ ನನ್ನ ಕೈಯಲ್ಲೇ ಇತ್ತು. ನಿವೃತ್ತನಾಗಿದ್ದೇನೆ. ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ಮೊದಲು ಕಾಯಿದೆಯ ಮಾತು. ಸರ್ಕಾರಿ ಶಾಲೆಯಾಗಿದ್ದರೆ ಮೇಲಿನವರು ಹೇಳಿದ್ದು ಸರಿ, ಇಲಾಖೆಯನ್ನು ಕೇಳದೆ ಹೊರಗಿನವರಿಗೆ ಕೊಡುವ ಹಾಗಿಲ್ಲ. ಈ ಮೇಡಂ ಹೇಳುತ್ತಿರುವುದು ಅನುದಾನರಹಿತ ಖಾಸಗಿ ಶಾಲೆ. ಆರ್‌ಟಿಇ ಕಾಯಿದೆಯ 21ನೇ ಕಲಮಿನ ಸಮಿತಿ ಅನುದಾನರಹಿತ ಶಾಲೆಗೆ ಕಡ್ಡಾಯವಲ್ಲ. ಇಲ್ಲಿ ಹಾಲ್ ವಿದ್ಯಾವರ್ಧಕ ಸಂಘದ್ದು. ನಿಯಮವನ್ನು ಅದರ ಆಡಳಿತ ಮಂಡಳಿ ಠರಾವು ಮಾಡಿ ಹೊರಡಿಸಬೇಕು. ಶಿಕ್ಷಕ-ರಕ್ಷಕ ಸಂಘ ಕರಡು ಬರೆದು ಕೊಡಬಹುದು, ಅಷ್ಟೇ.

ಇನ್ನು 'ಯಾರಿಗೆ ಮೊದಲು' ಎಂಬ ಪ್ರಶ್ನೆ. ನೀವೆಲ್ಲ ಇದನ್ನು ಯಾರು ದೊಡ್ಡವರು ಎಂಬ ಪ್ರಶ್ನೆಯಾಗಿ ಕೇಳುತ್ತಿದ್ದೀರಿ. ನಾನು ರಿಜಿಸ್ಟರ್‌ನಲ್ಲಿ ಕಲಿತದ್ದು ಬೇರೆ. ಆದ್ಯತೆ ಇರಬೇಕಾದದ್ದು ದಿನ ಹಿಡಿಯುವಾಗ. ಹಿಡಿದು ಖಾತ್ರಿಯಾದ ಮೇಲೆ ಆದ್ಯತೆ ಎನ್ನುವ ಮಾತು ಬರಬಾರದು. ಶಿಕ್ಷಕರಿಗೆ ಮೊದಲ ಹಕ್ಕು ಉಂಟು, ಆದರೆ ಆ ಹಕ್ಕು ಜೂನ್‌ನಲ್ಲಿ ಬಳಸುವಂಥದ್ದು, ಆಗಸ್ಟ್‌ನಲ್ಲಿ ಬೇರೆಯವರು ಹಿಡಿದ ದಿನವನ್ನು ಕಿತ್ತುಕೊಳ್ಳಲು ಅಲ್ಲ.

ನಮ್ಮಲ್ಲಿ ನಡೆಯುತ್ತಿದ್ದದ್ದು ಹೀಗೆ. ಶಾಲೆ ಶುರುವಾಗಿ ವಾರ್ಷಿಕ ಕ್ರಿಯಾಯೋಜನೆ ಬರೆಯುವಾಗಲೇ ಶಿಕ್ಷಕರು ವಾರ್ಷಿಕೋತ್ಸವ, ಪೂರ್ವಸಿದ್ಧತಾ ಪರೀಕ್ಷೆ, ವಿಜ್ಞಾನ ಮೇಳ ಎಲ್ಲದರ ದಿನ ಕೊಡಬೇಕು. ಜೂನ್ 10ರವರೆಗೆ ರಿಜಿಸ್ಟರ್ ಅವರಿಗೆ ಮಾತ್ರ. 11ರಿಂದ 20ರವರೆಗೆ ಶಿಕ್ಷಕ-ರಕ್ಷಕ ಸಂಘ ಮತ್ತು ಹಳೆ ವಿದ್ಯಾರ್ಥಿಗಳಿಗೆ. 21ರಿಂದ ಎಲ್ಲರಿಗೂ ತೆರೆದಿರುತ್ತದೆ, ಬಂದ ಕ್ರಮದಲ್ಲಿ ಕೊಡುವುದು. ಆಮೇಲೆ ತಡವಾಗಿ ಬಂದ ಶಿಕ್ಷಕರೂ ಅದೇ ಸಾಲಿನಲ್ಲಿ ನಿಲ್ಲಬೇಕು. ಹೊರಗಿನವರು 90 ದಿನಕ್ಕಿಂತ ಮುಂದಿನ ದಿನ ಹಿಡಿಯುವ ಹಾಗಿಲ್ಲ, ಇಲ್ಲದಿದ್ದರೆ ಡಿಸೆಂಬರ್‌ನ ಶನಿವಾರ ಭಾನುವಾರಗಳೆಲ್ಲ ಜೂನ್‌ನಲ್ಲೇ ಖಾಲಿಯಾಗುತ್ತವೆ.

ರಿಜಿಸ್ಟರ್‌ನಲ್ಲಿ ಎರಡು ಬಗೆಯ ಬರಹ. ಕೇಳಿದ ಕೂಡಲೇ ಪೆನ್ಸಿಲ್‌ನಲ್ಲಿ ಬರೆಯುವುದು. ಏಳು ದಿನದೊಳಗೆ ಸಹಿ ಹಾಕಿದ ಅರ್ಜಿ ಬರಬೇಕು, ಹೊರಗಿನವರಾದರೆ ಮುಂಗಡವೂ ಬರಬೇಕು. ಬಂದರೆ ಅದರ ಮೇಲೇ ಶಾಯಿಯಲ್ಲಿ ಬರೆಯುವುದು, ಬರದಿದ್ದರೆ ರಬ್ಬರ್ ಹಾಕಿ ಅಳಿಸುವುದು. ಈ ಏಳು ದಿನದ ನಿಯಮ ಶಿಕ್ಷಕರಿಗೂ ಉಂಟು. ಅದು ಇಲ್ಲದ ವರ್ಷ ಒಬ್ಬರೇ ಮಾಷ್ಟ್ರು 'ಇರಲಿ' ಎಂದು ಹನ್ನೊಂದು ಶನಿವಾರ ಹಿಡಿದಿಟ್ಟು, ಬಳಸಿದ್ದು ಮೂರು. ಉಳಿದ ಎಂಟು ದಿನ ಬಾಗಿಲಿಗೆ ಬೀಗ, ಗೇಟಿನ ಹೊರಗೆ ಹಾಲ್ ಕೇಳುವವರು.

ಶಾಯಿಯಲ್ಲಿ ಬರೆದದ್ದನ್ನು ಮುರಿಯಲು ಮೂರೇ ಕಾರಣ: ಪಬ್ಲಿಕ್ ಪರೀಕ್ಷೆ, ಚುನಾವಣೆ, ಮಳೆಗಾಲದ ಕಾಳಜಿ ಕೇಂದ್ರ. ಮೊದಲನೆಯದು ಪರೀಕ್ಷಾ ಕೇಂದ್ರವಾಗಿ ನಾವು ಒಪ್ಪಿಕೊಂಡ ಹೊಣೆ. ಉಳಿದ ಎರಡಕ್ಕೆ ಕಟ್ಟಡವನ್ನು ವಶಕ್ಕೆ ಕೇಳುವ ಅಧಿಕಾರ ಕಾನೂನಿನಲ್ಲೇ ಉಂಟು, 1951ರ ಪ್ರಜಾಪ್ರತಿನಿಧಿ ಕಾಯಿದೆಯಲ್ಲಿ ಮತ್ತು 2005ರ ವಿಪತ್ತು ನಿರ್ವಹಣಾ ಕಾಯಿದೆಯಲ್ಲಿ. ಇದನ್ನು ರಶೀದಿಯ ಹಿಂದೆ ಮುದ್ರಿಸಿಬಿಡಿ. ಓದಿ ಸಹಿ ಹಾಕಿದವರು ಆ ದಿನ ಬಂದಾಗ ಜಗಳ ಮಾಡುವುದು ಕಡಿಮೆ.

ಕನ್ನಡ ಟೀಚರ್

ನಾನು ಬೇರೆ ಶಾಲೆಯವಳು, ಆದರೆ ಆ ಟೀಚರ್‌ನ ಸ್ಥಾನದಲ್ಲೇ ಇದ್ದೇನೆ. ಸರ್, ಜೂನ್ 10ರೊಳಗೆ ದಿನ ಕೊಡಿ ಎನ್ನುತ್ತೀರಿ. ಪ್ರತಿಭಾ ಕಾರಂಜಿಯ ದಿನ ನಮಗೇ ಗೊತ್ತಿರುವುದಿಲ್ಲ. ಕ್ಲಸ್ಟರ್‌ನಿಂದ ವಾಟ್ಸಾಪ್ ಬರುವುದೇ ಎಂಟು ಹತ್ತು ದಿನ ಇರುವಾಗ. ಅಷ್ಟರಲ್ಲಿ ಮಳೆಗೆ ಜಿಲ್ಲಾಧಿಕಾರಿ ಎರಡು ದಿನ ರಜೆ ಕೊಟ್ಟಿರುತ್ತಾರೆ, ಆ ಪಾಠ ಸರಿದೂಗಿಸಲು ಶನಿವಾರ ಮಧ್ಯಾಹ್ನವೂ ತರಗತಿ ಇಡುತ್ತಾರೆ. ಅಭ್ಯಾಸಕ್ಕೆ ಉಳಿಯುವುದು ಒಂದೋ ಎರಡೋ ಮಧ್ಯಾಹ್ನ. ಜಾನಪದ ನೃತ್ಯದ ಮಕ್ಕಳಿಗೆ ಒಮ್ಮೆಯಾದರೂ ಸ್ಟೇಜ್ ಮೇಲೆ ನಿಂತು ಅಳತೆ ಸಿಗಬೇಕು. ತರಗತಿಯಲ್ಲಿ ಬೆಂಚು ಸರಿಸಿ ಕುಣಿದವರು ಸ್ಪರ್ಧೆಯ ದಿನ ಸ್ಟೇಜ್‌ನಲ್ಲಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಾರೆ, ಕಣ್ಣಾರೆ ನೋಡಿದ್ದೇನೆ. ಆ ಹುಡುಗಿಯರು ಬಸ್ಸಿನಲ್ಲಿ ಮನೆಯವರೆಗೂ ಅಳುತ್ತಾ ಬಂದರು.

ಇಲಾಖೆ ತಡಮಾಡಿದ್ದಕ್ಕೆ ನಮ್ಮ ಮಕ್ಕಳು ಸಾಲಿನ ಕೊನೆಯಲ್ಲಿ ನಿಲ್ಲಬೇಕಾ?

ಪಿ.ಟಿ. ಮಾಷ್ಟ್ರು

ನನ್ನದೂ ಒಂದು ಸೇರಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮೈದಾನ ಗದ್ದೆಯ ಹಾಗೆ ಇರುತ್ತದೆ. ಬೆಳಗ್ಗಿನ ಅಸೆಂಬ್ಲಿ ಹಾಲ್‌ನಲ್ಲಿ, ಆಟದ ಪೀರಿಯಡ್ ಹಾಲ್‌ನಲ್ಲಿ. ಬುತ್ತಿ ತರುವ ಮಕ್ಕಳು ಊಟಕ್ಕೆ ಕೂರುವುದೂ ಅಲ್ಲೇ, ಏಕೆಂದರೆ ಜಗಲಿಗೆ ಇರಚಲು ಹೊಡೆಯುತ್ತದೆ. ಇದನ್ನು ಯಾರೂ ರಿಜಿಸ್ಟರ್‌ನಲ್ಲಿ ಬರೆಯುವುದಿಲ್ಲ, ದಿನಾ ನಡೆಯುವುದಲ್ವಾ ಎಂದು. ಹಾಗಾಗಿ ಶುಕ್ರವಾರ ಬೆಳಿಗ್ಗೆ 11ಕ್ಕೆ ಹಾಲ್ ಖಾಲಿ ಎಂದು ರಿಜಿಸ್ಟರ್ ನೋಡಿ ಆಫೀಸಿನಿಂದ ಯಾವುದೋ ಆರೋಗ್ಯ ಶಿಬಿರಕ್ಕೆ ಕೊಟ್ಟಿರುತ್ತಾರೆ. ನಾನು 50 ಮಕ್ಕಳನ್ನು ಕರೆದುಕೊಂಡು ಹೋದರೆ ಅಲ್ಲಿ ಬಿ.ಪಿ. ನೋಡುವ ಮೇಜು ಹಾಕಿರುತ್ತದೆ. ದಿನದ ಕೆಲಸಕ್ಕೂ ಒಂದು ಸಾಲು ಬೇಕು.

ಹಳೆ ರಿಜಿಸ್ಟರ್

ಮಾಷ್ಟ್ರು ಹೇಳಿದ್ದು ನೂರಕ್ಕೆ ನೂರು ಸರಿ. ಟೈಮ್‌ಟೇಬಲ್‌ನಲ್ಲಿರುವ ಹಾಲ್ ಪೀರಿಯಡ್‌ಗಳನ್ನು ಜೂನ್ ಮೊದಲ ವಾರವೇ ಶಾಯಿಯಲ್ಲಿ ಬರೆಯಬೇಕು, ಸೆಪ್ಟೆಂಬರ್ 30ರವರೆಗೆ. ಶಾಲೆ ನಡೆಯುವ ಹೊತ್ತು ಹೊರಗಿನವರಿಗೆ ಕೊಡುವ ಮಾತೇ ಇರಬಾರದು. ಆರೋಗ್ಯ ಶಿಬಿರವನ್ನು ನಮ್ಮ ಮಕ್ಕಳಿಗಾಗಿಯೇ ಮಾಡುವುದಾದರೆ ಅದು ಶಾಲೆಯ ಕಾರ್ಯಕ್ರಮ, ಯಾವ ಪೀರಿಯಡ್ ತೆಗೆದುಕೊಳ್ಳುತ್ತಾರೆ ಎಂದು ಆ ಮಾಷ್ಟ್ರನ್ನು ಮೊದಲೇ ಕೇಳಬೇಕು.

ಟೀಚರ್ ಎತ್ತಿದ್ದು ನಿಜವಾಗಿ ಕಷ್ಟದ ಪ್ರಶ್ನೆ, ಅದಕ್ಕೆ ಪೂರ್ತಿ ಉತ್ತರ ನಮ್ಮಲ್ಲೂ ಸಿಕ್ಕಿರಲಿಲ್ಲ. ಎರಡು ವ್ಯವಸ್ಥೆ ಇಟ್ಟಿದ್ದೆವು. ವಾರದಲ್ಲಿ ಎರಡು ಸಂಜೆ, ಮಂಗಳವಾರ ಮತ್ತು ಗುರುವಾರ 3.30ರ ನಂತರ, ಹಾಲನ್ನು ಯಾರಿಗೂ ಮುಂಚಿತವಾಗಿ ಕೊಡುತ್ತಿರಲಿಲ್ಲ. ಹೀಗೆ ತಟಕ್ಕನೆ ಬರುವ ಶಾಲೆಯ ಕೆಲಸಕ್ಕೆ ಕಾದಿರಿಸುತ್ತಿದ್ದೆವು. ಎರಡು ದಿನ ಮೊದಲಿನವರೆಗೂ ಯಾವ ಶಿಕ್ಷಕರೂ ಕೇಳದಿದ್ದರೆ ಆ ಸಂಜೆ ಬೇರೆಯವರಿಗೆ ಬಿಡುವುದು.

ಇನ್ನೊಂದು, ಸರಿಸುವ ಹಕ್ಕು. ಶಾಲೆಗೆ ತುರ್ತು ಬಂದರೆ, ಕಾರ್ಯಕ್ರಮಕ್ಕೆ 15 ದಿನಕ್ಕಿಂತ ಹೆಚ್ಚು ಇರುವಾಗ ಹೊರಗಿನವರನ್ನು ಸರಿಸಬಹುದು. ಬದಲಿ ದಿನ ನಾವೇ ಕೊಡಬೇಕು, ಬೇಡವೆಂದರೆ ಮುಂಗಡ ಪೂರ್ತಿ ಹಿಂದಿರುಗಿಸಬೇಕು. 15 ದಿನದ ಒಳಗೆ ಬಂದ ಮೇಲೆ ಸರಿಸುವಂತಿಲ್ಲ, ವಿನಂತಿ ಮಾಡಬಹುದು ಅಷ್ಟೇ. 15 ಏಕೆ ಎಂದರೆ, ನಮ್ಮ ಕಡೆ ಆಮಂತ್ರಣ ಪ್ರಿಂಟಿಗೆ ಹೋಗುವುದು, ಅಡುಗೆಗೆ, ಸೌಂಡಿಗೆ ಹೇಳುವುದು ಹೆಚ್ಚಾಗಿ ಆ ಸುಮಾರಿಗೆ. ಅದರ ಮೊದಲು ದಿನ ಬದಲಾದರೆ ಆಗುವುದು ಬೇಸರ, ಆಮೇಲೆ ಬದಲಾದರೆ ಆಗುವುದು ನಷ್ಟ. ಕಾಪುವಿನ ಆ ಯುವಕರಿಗೆ ಆದದ್ದು ಎರಡನೆಯದು.

ಕ್ಲಸ್ಟರ್‌ನ ಎಂಟು ದಿನದ ನೋಟಿಸ್ ಆ 15ರ ಒಳಗೇ ಬರುತ್ತದೆ, ನನಗೆ ಗೊತ್ತುಂಟು. ಆಗ ಕಾದಿರಿಸಿದ ಸಂಜೆಗಳೇ ಗತಿ. ಶನಿವಾರವೇ ಬೇಕು ಎಂದರೆ ಯಾರಾದರೂ ಒಪ್ಪಿ ಬಿಟ್ಟುಕೊಡಬೇಕು.

ಕನ್ನಡ ಟೀಚರ್

ಸರ್, ಸಂಜೆ 3.30ರ ನಂತರ ಅಭ್ಯಾಸ ಎಂದರೆ ಬಸ್ಸಿನ ಮಕ್ಕಳು ಉಳಿಯುವುದಿಲ್ಲ. ನಮ್ಮ ಶಾಲೆಯ ಕೊನೆಯ ವ್ಯಾನ್ 4.15ಕ್ಕೆ. ಮಳೆಗಾಲದಲ್ಲಿ ಕತ್ತಲೆಯಾದ ಮೇಲೆ ಹೆಣ್ಣುಮಕ್ಕಳನ್ನು ಕಳಿಸಲು ಮನೆಯವರು ಒಪ್ಪುವುದಿಲ್ಲ. ಹಾಗಾಗಿ ಕಾದಿರಿಸುವುದಾದರೆ ಒಂದು ಸಂಜೆ, ಒಂದು ಶನಿವಾರದ ಮಧ್ಯಾಹ್ನ ಇರಲಿ ಎಂದು ನನ್ನ ಅಭಿಪ್ರಾಯ. ಆಗಸ್ಟ್-ಸೆಪ್ಟೆಂಬರ್‌ಗಾದರೂ.

ಚೆಂಡೆಯ ಹುಡುಗನ ಅಪ್ಪ

ನಮ್ಮ ಮಕ್ಕಳ ಶಾಲೆಯಲ್ಲೂ ಶನಿವಾರ ಯಕ್ಷಗಾನ ತರಗತಿ ಉಂಟು. ಉಡುಪಿಯ ಸುಮಾರು ಪ್ರೌಢಶಾಲೆಗಳಲ್ಲಿ ಯಕ್ಷಶಿಕ್ಷಣ ಟ್ರಸ್ಟ್ ಮೂಲಕ ತರಬೇತಿ ನಡೆಯುತ್ತದೆ, ನಮ್ಮದು ಹಾಗಲ್ಲ, ರಕ್ಷಕರೇ ಸೇರಿ ಮಾಡುವುದು. ನನ್ನ ಪ್ರಶ್ನೆ ಇಷ್ಟೇ. ಪ್ರತಿ ವಾರ ನಡೆಯುವುದಕ್ಕೆ ಬೆಲೆ ಇಲ್ವಾ? ಯಾರಿಗೆ ಬೇಕಾದರೂ ಮೊದಲು ನಮ್ಮ ತರಗತಿಯನ್ನೇ ರದ್ದು ಮಾಡುತ್ತಾರೆ. ಹೋದ ವರ್ಷ ಜೂನ್‌ನಿಂದ ಅಕ್ಟೋಬರ್‌ವರೆಗೆ ಏಳು ಸಲ ರದ್ದಾಯಿತು. ಗುರುಗಳು ಕುಂದಾಪುರದಿಂದ ಬಸ್ಸಿನಲ್ಲಿ ಬರುವವರು, ಎರಡು ಸಲ ಗೇಟಿನವರೆಗೆ ಬಂದು ವಾಪಸ್ ಹೋದರು. ಮಕ್ಕಳಿಗೆ ತ್ರಿವುಡೆ ತಾಳದ ಹೆಜ್ಜೆ ಒಂದು ವಾರ ತಪ್ಪಿದರೆ ಮುಂದಿನ ವಾರ ಮೊದಲಿನಿಂದ ಹೇಳಿಕೊಡಬೇಕು.

ಹಳೆ ರಿಜಿಸ್ಟರ್

ಬೆಲೆ ಖಂಡಿತ ಉಂಟು. ವಾರ ವಾರ ನಡೆಯುವುದಕ್ಕೆ ಒಂದು ಮಿತಿ, ಒಂದು ರಕ್ಷಣೆ, ಎರಡೂ ಬೇಕು. ಮಿತಿ ಎಂದರೆ, ಒಂದೊಂದು ಅವಧಿಗೆ ಮಾತ್ರ ಹಿಡಿಯಬೇಕು, ಜೂನ್‌ನಿಂದ ದಸರಾ ರಜೆಯವರೆಗೆ ಒಮ್ಮೆ, ಆಮೇಲೆ ಮತ್ತೆ ಅರ್ಜಿ. ಇಲ್ಲದಿದ್ದರೆ ಹತ್ತು ವರ್ಷ ಕಳೆದ ಮೇಲೆ ಶನಿವಾರ ಅವರದ್ದೇ ಆಗಿಬಿಡುತ್ತದೆ. ರಕ್ಷಣೆ ಎಂದರೆ, ಒಂದು ಅವಧಿಯಲ್ಲಿ ಎರಡು ಸಲಕ್ಕಿಂತ ಹೆಚ್ಚು ಅವರನ್ನು ಎಬ್ಬಿಸುವ ಹಾಗಿಲ್ಲ. ಎಬ್ಬಿಸುವಾಗ ಬೇರೆ ಕೋಣೆ ತೋರಿಸಬೇಕು, ಗುರುಗಳಿಗೆ ಹಿಂದಿನ ದಿನವೇ ಫೋನ್ ಹೋಗಬೇಕು. ಏಳು ಸಲ ಎಬ್ಬಿಸಿದ್ದು ತಪ್ಪು.

ಈಗ ಮಣಿಪಾಲದ ಮೇಡಂ ಅವರ ಶನಿವಾರಕ್ಕೆ ಬರುತ್ತೇನೆ. ಮೇಡಂ, ಆ 2,000 ರೂಪಾಯಿಯ ರಶೀದಿಯ ಆಫೀಸ್ ಪ್ರತಿ ತೆಗೆದು ನೋಡಿ. ಅದರಲ್ಲಿ ಎಷ್ಟು ಗಂಟೆಯಿಂದ ಎಂದು ಬರೆದಿದೆ?

ಮಣಿಪಾಲದ ರಕ್ಷಕಿ

ಸರ್, ಈಗಷ್ಟೇ ಆಫೀಸಿಗೆ ಹೋಗಿ ನೋಡಿದೆ. 'ಭಾನುವಾರ ಬೆಳಿಗ್ಗೆ 8ರಿಂದ ಸಂಜೆ 5' ಎಂದು ಬರೆದಿದೆ. ಶನಿವಾರದ ಮಾತೇ ಇಲ್ಲ.

ಹಳೆ ರಿಜಿಸ್ಟರ್

ನಾನು ಅಂದುಕೊಂಡದ್ದೂ ಅದೇ. ಹಾಲ್‌ನ ಜಗಳಗಳಲ್ಲಿ ಕಾರ್ಯಕ್ರಮಕ್ಕೂ ಕಾರ್ಯಕ್ರಮಕ್ಕೂ ಡಿಕ್ಕಿಯಾಗುವುದು ಕಡಿಮೆ. ಒಬ್ಬರ ಕಾರ್ಯಕ್ರಮಕ್ಕೂ ಇನ್ನೊಬ್ಬರ ತಯಾರಿಗೂ ಆಗುವುದೇ ಹೆಚ್ಚು. ಅರ್ಜಿಯಲ್ಲಿ ಮೂರು ಹೊತ್ತು ಕೇಳಬೇಕು: ಕೀಲಿ ತೆಗೆದುಕೊಳ್ಳುವ ಹೊತ್ತು, ಕಾರ್ಯಕ್ರಮದ ಹೊತ್ತು, ಗುಡಿಸಿ ಕೀಲಿ ಹಿಂದಿರುಗಿಸುವ ಹೊತ್ತು. ಬಾಡಿಗೆ ಲೆಕ್ಕವೂ ಕೀಲಿಯಿಂದ ಕೀಲಿಗೆ.

ಹಾಗಾದರೆ ರಶೀದಿಯ ಪ್ರಕಾರ ಭಾನುವಾರ ಮಂಡಲದವರದ್ದು, ಅದನ್ನು ಯಾರೂ ಮುಟ್ಟಬಾರದು. ಶನಿವಾರ 4 ಗಂಟೆ ಎನ್ನುವುದು ಹೊಸ ಬೇಡಿಕೆ. ಅಭ್ಯಾಸವೂ ಹೊಸ ಬೇಡಿಕೆ. ಶನಿವಾರ ನಿಜವಾಗಿ ಶಾಯಿಯಲ್ಲಿ ಇರುವುದು ಯಕ್ಷಗಾನ ತರಗತಿ ಒಂದೇ. ಈ ವರ್ಷ ಅವರನ್ನು ಎಷ್ಟು ಸಲ ಎಬ್ಬಿಸಿದ್ದೀರಿ ನೋಡಿ. ಎರಡು ಸಲ ಆಗಿರದಿದ್ದರೆ ಈ ವಾರ ಸ್ವಲ್ಪ ಸರಿಯಲು ಕೇಳಬಹುದು. ಹೆಡ್‌ಮಾಸ್ಟರ್ ಬಾಯಿಮಾತು ಕೊಟ್ಟದ್ದು ನಿಜವಾದರೆ ಅದು ಶಾಲೆಯ ಮಾತು. ಕಾಗದದಲ್ಲಿ ಇಲ್ಲ ಎಂದು ಮಂಡಲದವರನ್ನು ಭಾನುವಾರ ಬೆಳಿಗ್ಗೆವರೆಗೆ ನಿಲ್ಲಿಸುವುದು ನನಗೆ ಸರಿಕಾಣುವುದಿಲ್ಲ. ಈ ಸಲ ಉಳಿಸಿಕೊಡಿ, ಮುಂದೆ ಕಾಗದ.

ಹೊತ್ತು ಹಂಚುವ ಮೊದಲು ಪ್ರತಿಯೊಬ್ಬರಿಗೂ ಹಾಲ್‌ನ ಯಾವ ಭಾಗ ಬೇಕು ಎಂದು ಕೇಳಿ. ಅಭ್ಯಾಸದಲ್ಲಿ ಸ್ಟೇಜ್ ಬೇಕಾದದ್ದು ಜಾನಪದ ನೃತ್ಯ, ಕವ್ವಾಲಿಯಂಥ ಗುಂಪು ಸ್ಪರ್ಧೆಗಳಿಗೆ ಮಾತ್ರ. ಭಾಷಣ, ಕಂಠಪಾಠಕ್ಕೆ ತರಗತಿಯೇ ಒಳ್ಳೆಯದು, ಏಕೆಂದರೆ ಚೆಂಡೆಯ ಪಕ್ಕ ಯಾರ ಭಾಷಣವೂ ಕೇಳಿಸದು. ಬೆಳಗ್ಗಿನ ತರಗತಿ 12.30ಕ್ಕೆ ಮುಗಿದರೆ, ಊಟವಾಗಿ 1.15ರಿಂದ 2.45ರವರೆಗೆ ಗುಂಪು ಸ್ಪರ್ಧೆಯವರಿಗೆ ಸ್ಟೇಜ್. 2.45ರಿಂದ 4.15 ಯಕ್ಷಗಾನ, ಕಾಲು ಗಂಟೆ ಮೊದಲೇ ಶುರು, ಅರ್ಧ ಗಂಟೆ ಮಾತ್ರ ಕಡಿಮೆ. 4.30ಕ್ಕೆ ಮಂಡಲದವರಿಗೆ ಕೀಲಿ.

ಕಾಯಿದೆ ಪ್ರಕಾರ

ಅನುದಾನರಹಿತ ಎಂದು ಮೊದಲು ಗಮನಿಸಿರಲಿಲ್ಲ, ಒಪ್ಪಿದೆ. ಆದರೆ ಒಂದು ಕೇಳುತ್ತೇನೆ. ಶಿಕ್ಷಕರಿಗೆ ಮೊದಲು, ಬಾಡಿಗೆಯೂ ಇಲ್ಲ ಎಂದಾದರೆ ಹೊರಗಿನವರು ಯಾರಾದರೂ ಪರಿಚಯದ ಮಾಷ್ಟ್ರ ಹೆಸರಿನಲ್ಲೇ ಅರ್ಜಿ ಹಾಕಿಸುವುದಿಲ್ವಾ?

ಹಳೆ ರಿಜಿಸ್ಟರ್

ಹಾಕಿಸುತ್ತಾರೆ, ಹಾಕಿಸಿದ್ದಾರೆ. ಒಂದು ಸಲ ನಮ್ಮ ಉಪನ್ಯಾಸಕರೊಬ್ಬರು 'ವೃತ್ತಿ ಮಾರ್ಗದರ್ಶನ' ಎಂದು ಹಾಲ್ ಹಿಡಿದರು. ಶಿಕ್ಷಕರ ಅರ್ಜಿಯಾದ್ದರಿಂದ ನಾನು ಪ್ರಶ್ನೆ ಕೇಳದೆ ಶಾಯಿಯಲ್ಲಿ ಬರೆದೆ. ಆ ದಿನ ಬಾಗಿಲಲ್ಲಿ ಮೇಜು ಹಾಕಿ ಒಂದು ಕೋಚಿಂಗ್ ಸಂಸ್ಥೆಯವರು ಪ್ರವೇಶದ ಫಾರ್ಮ್ ಹಂಚುತ್ತಿದ್ದರು. ಒಳಗೆ ಕೂತವರಲ್ಲಿ ನಮ್ಮ ಮಕ್ಕಳು 40 ಜನ ಇರಲಿಲ್ಲ. ಅದೇ ದಿನ ಬೇಕೆಂದು ಕೇಳಿದ್ದ ರಕ್ತದಾನ ಶಿಬಿರದವರನ್ನು ನಾನು ಹಿಂದೆ ಕಳಿಸಿದ್ದೆ. ಅದು ಇವತ್ತಿಗೂ ಮನಸ್ಸಿಗೆ ಹತ್ತಿಕೊಂಡಿದೆ.

ಆಮೇಲೆ ಅರ್ಜಿಯಲ್ಲಿ ಮೂರು ಪ್ರಶ್ನೆ ಸೇರಿಸಿದೆವು. ಬಂದು ಕೂರುವವರಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮ ಮಕ್ಕಳೋ? ಆಮಂತ್ರಣ ಯಾರ ಹೆಸರಿನಲ್ಲಿ ಹೋಗುತ್ತದೆ? ಹಣ ಸಂಗ್ರಹವಾದರೆ ಯಾರಿಗೆ ಸೇರುತ್ತದೆ? ಅರ್ಜಿದಾರರ ಹೆಸರಿನಿಂದ ವರ್ಗ ನಿರ್ಧಾರವಾಗುವುದಿಲ್ಲ, ಈ ಮೂರು ಉತ್ತರಗಳಿಂದ ಆಗುತ್ತದೆ. ಇದೇ ಪ್ರಶ್ನೆ ಕೇಳಿದರೆ ರಕ್ಷಕರ ಯಕ್ಷಗಾನ ತರಗತಿ ಶಾಲೆಯ ಕೆಲಸಕ್ಕೆ ಬಹಳ ಹತ್ತಿರ ಬರುತ್ತದೆ ಎಂಬುದನ್ನೂ ಸ್ಟಾಫ್ ರೂಮಿನವರು ನೋಡಬೇಕು.

ಅಟೆಂಡರ್ ಮಗಳು

ಎಲ್ಲರೂ ಕೀಲಿ ಕೊಡುವ, ತೆಗೆದುಕೊಳ್ಳುವ ಹೊತ್ತು ಹೇಳುತ್ತಿದ್ದೀರಿ. ಆ ಕೀಲಿ ಹಿಡಿದು ಕಾಯುವವರ ಬಗ್ಗೆ ನಾನೊಂದು ಮಾತು ಹೇಳುತ್ತೇನೆ. ನನ್ನ ಅಪ್ಪ ಒಂದು ಶಾಲೆಯಲ್ಲಿ ಅಟೆಂಡರ್ ಆಗಿದ್ದರು. ಕಾರ್ಯಕ್ರಮ 8ಕ್ಕೆ ಮುಗಿದರೆ ಅಪ್ಪ ಮನೆಗೆ ಬರುವಾಗ ಹತ್ತೂವರೆ. ಪ್ಲಾಸ್ಟಿಕ್ ಕುರ್ಚಿ ಹತ್ತತ್ತು ಒಂದರ ಮೇಲೊಂದು ಏರಿಸಿ ಗೋಡೆಗೆ ತಾಗಿಸಿ ಇಡಬೇಕು. 300 ಕುರ್ಚಿ ಎಂದರೆ 30 ಅಟ್ಟಿ. ಮಳೆಗಾಲದಲ್ಲಿ ಜನರ ಕಾಲಿನ ಕೆಸರು ನೆಲದಲ್ಲಿ ಒಣಗುವುದೇ ಇಲ್ಲ, ಒದ್ದೆ ಬಟ್ಟೆ ಹಾಕಿದರೆ ಇನ್ನೂ ಹರಡುತ್ತದೆ. ಮೊದಲು ಗೋಣಿ ಎಳೆದು, ಆಮೇಲೆ ಫಿನಾಯಿಲ್ ನೀರು, ಆಮೇಲೆ ಫ್ಯಾನ್ ಹಾಕಿ ಕಾಯಬೇಕು. ಸೋಮವಾರ ಬೆಳಿಗ್ಗೆ ಅಸೆಂಬ್ಲಿಗೆ ಮಕ್ಕಳು ಆ ನೆಲದಲ್ಲೇ ಕೂರುವುದು. ನೆಲ ಜಾರಿದರೆ ಬೈಗುಳ ಅಪ್ಪನಿಗೆ.

ನಿಯಮ ಬರೆಯುವಾಗ ಶನಿವಾರ, ಭಾನುವಾರ ಎರಡೂ ದಿನ ಸಂಜೆ ಕಾರ್ಯಕ್ರಮ ಕೊಟ್ಟರೆ ಒಬ್ಬನೇ ಮನುಷ್ಯ ಮಾಡುತ್ತಾನಾ ಎಂದು ಕೇಳಿಕೊಳ್ಳಿ. ಬಾಡಿಗೆಯಲ್ಲಿ ಗುಡಿಸಿ ಒರೆಸುವವರ ಕೂಲಿ ಬೇರೆಯೇ ಬರೆದು, ಅವರ ಕೈಗೇ ಕೊಡಿ.

ಹಳೆ ವಿದ್ಯಾರ್ಥಿ, 1994 ಬ್ಯಾಚ್

ಹಳೆ ವಿದ್ಯಾರ್ಥಿಗಳನ್ನು ರಕ್ಷಕರ ಸಾಲಿಗೆ ಸೇರಿಸಿದ್ದೀರಿ. ನಮ್ಮ ಊರಿನಲ್ಲಿ ಹಾಲ್ ಕಟ್ಟಲು ಹಣ ಒಟ್ಟು ಮಾಡಿದ್ದೇ ನಾವು. ಮುಂಬಯಿಯಲ್ಲಿ ಹೋಟೆಲ್ ಇಟ್ಟವರು, ಗಲ್ಫ್‌ನಲ್ಲಿ ಇರುವವರು ಕೊಟ್ಟ ದುಡ್ಡು. ಮಾಡಿನ ಶೀಟ್ ನಮ್ಮದು, ಸ್ಟೇಜ್‌ನ ಪರದೆ ನಮ್ಮದು. ರಜೆಯಲ್ಲಿ ಊರಿಗೆ ಬರುವುದು 20 ದಿನ, ಟಿಕೆಟ್ ಮಾಡುವುದು ತಿಂಗಳುಗಟ್ಟಲೆ ಮೊದಲು. ವರ್ಷಕ್ಕೆ ಒಂದು ದಿನವಾದರೂ ನಮಗೆಂದು ಖಾಯಂ ಇಡಬೇಕು.

ಹಳೆ ರಿಜಿಸ್ಟರ್

ಹಣ ಕೊಟ್ಟವರ ಹೆಸರು ಗೋಡೆಯ ಕಲ್ಲಿನಲ್ಲಿ ಇರಬೇಕು, ರಿಜಿಸ್ಟರ್‌ನಲ್ಲಿ ಬೇಡ ಎಂಬುದು ನನ್ನ ಅಭಿಪ್ರಾಯ. ಬಾಡಿಗೆ ಹೆಚ್ಚು ಕೊಡುವವರಿಗೆ ಮೊದಲು ಎನ್ನುವುದನ್ನೂ ಇದೇ ಕಾರಣಕ್ಕೆ ನಾನು ಒಪ್ಪುವುದಿಲ್ಲ. ಆದರೆ ಊರಿಗೆ ದೂರದಿಂದ ಬರುವವರ ಟಿಕೆಟ್‌ನ ಕಷ್ಟ ನಿಜ. ಒಂದು ದಿನವನ್ನು ಶಾಲೆಯೇ ಜೂನ್‌ನಲ್ಲಿ ತನ್ನ ಕ್ಯಾಲೆಂಡರ್‌ನಲ್ಲಿ ಇಟ್ಟುಕೊಂಡರೆ ಸಾಕಲ್ವಾ?

ಹಳೆ ವಿದ್ಯಾರ್ಥಿ, 1994 ಬ್ಯಾಚ್

ಕಲ್ಲಿನಲ್ಲಿ ಹೆಸರು ನಾವು ಕೇಳಲಿಲ್ಲ ಸರ್. ವರ್ಷಕ್ಕೊಮ್ಮೆ ನಾವು ಕಟ್ಟಿದ ಹಾಲ್‌ನಲ್ಲಿ ನಾವೇ ಸೇರುವುದಕ್ಕೆ ಅರ್ಜಿ ಹಾಕಿ ಸಾಲಿನಲ್ಲಿ ನಿಲ್ಲಬೇಕು ಎನ್ನುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಮಣಿಪಾಲದ ರಕ್ಷಕಿ

ಎಲ್ಲರಿಗೂ ಧನ್ಯವಾದ. ಸಭೆಯೂ ಆಯಿತು, ಶನಿವಾರವೂ ಕಳೆಯಿತು, ನಡೆದದ್ದು ಹೇಳುತ್ತೇನೆ.

ಯಕ್ಷಗಾನ ತರಗತಿಯನ್ನು ಈ ವರ್ಷ ಒಂದು ಸಲ ಎಬ್ಬಿಸಿದ್ದರು, ಹಾಗಾಗಿ ಕೇಳಲು ಧೈರ್ಯ ಬಂತು. ಗುರುಗಳಿಗೆ ಗುರುವಾರವೇ ಫೋನ್ ಮಾಡಿದೆ, ಅವರು ಒಂದು ಬಸ್ ಮೊದಲು ಬಂದರು. ಟೀಚರ್ ಭಾಷಣದ ಮಕ್ಕಳನ್ನು ಮೇಲಿನ ತರಗತಿಗೆ ಕರೆದುಕೊಂಡು ಹೋದರು. ನೃತ್ಯದವರು 2.45ಕ್ಕೆ ಬಿಡಬೇಕಿತ್ತು, ಬಿಟ್ಟದ್ದು 3ಕ್ಕೆ, ಕ್ಯಾಸೆಟ್ ಪ್ಲೇಯರ್‌ನ ಪಿನ್ ಸಿಗಲಿಲ್ಲವಂತೆ. ಆ ಕಾಲು ಗಂಟೆ ಮಂಡಲದವರ ಮೇಲೆ ಬಿತ್ತು. ಅವರಿಗೆ ಕೀಲಿ ಸಿಕ್ಕಿದ್ದು 4.45ಕ್ಕೆ. ಅಷ್ಟು ಹೊತ್ತು ಜಗಲಿಯಲ್ಲಿ ತೆಂಗಿನ ಗರಿ ಹೆಣೆಯುತ್ತಾ ಕೂತಿದ್ದರು. ಯಕ್ಷಗಾನದ ನಾಲ್ಕು ಹುಡುಗರು ಗೆಜ್ಜೆ ಬಿಚ್ಚಿಟ್ಟು ಅವರ ಜೊತೆ ಕುರ್ಚಿ ಹಾಕಿದರು, ಆರು ಗಂಟೆಗೆ ಮುಗಿಯಿತು.

ನಿಯಮದ ಕರಡಿನಲ್ಲಿ ಪೆನ್ಸಿಲ್-ಶಾಯಿ, ಏಳು ದಿನ, 15 ದಿನ, ಅರ್ಜಿಯ ಮೂರು ಹೊತ್ತು, ಇವಿಷ್ಟಕ್ಕೆ ಸಭೆ ಒಪ್ಪಿತು. ಪಿ.ಟಿ. ಪೀರಿಯಡ್‌ಗಳನ್ನು ಮೊದಲ ಪುಟದಲ್ಲೇ ಬರೆಯುವುದೆಂದಾಯಿತು. ಗುಡಿಸುವವರ ಕೂಲಿ 400 ರೂಪಾಯಿ ಬೇರೆ ಸಾಲು ಮಾಡಿದ್ದೇವೆ. ಯಾವ ಹೊತ್ತು ಕಾದಿರಿಸುವುದು ಎಂಬಲ್ಲಿ ಒಮ್ಮತ ಬರಲಿಲ್ಲ. ಶಿಕ್ಷಕರು ಶನಿವಾರ ಕೇಳುತ್ತಾರೆ, ರಕ್ಷಕರು ಬಿಡುವುದಿಲ್ಲ. ಸೆಪ್ಟೆಂಬರ್‌ವರೆಗೆ ತಿಂಗಳ ಮೊದಲ ಶನಿವಾರ ಮಾತ್ರ ಕಾದಿರಿಸಿ ನೋಡುವುದೆಂದು ಬಿಟ್ಟಿದ್ದೇವೆ. ಹಳೆ ವಿದ್ಯಾರ್ಥಿಗಳ ವಿಷಯ ಆಡಳಿತ ಮಂಡಳಿಗೆ ಹೋಗಿದೆ.

ಹೊಸ ರಿಜಿಸ್ಟರ್ ತಂದಿದ್ದೇನೆ, ಉದ್ದ ಸಾಲಿನ 200 ಪುಟದ್ದು. ಹಳೆ ರಿಜಿಸ್ಟರ್ ಸರ್, ಒಂದು ಸಣ್ಣ ಸಂಶಯ. ಮಳೆಗೆ ರಜೆ ಸಾರಿದ ದಿನ ಹೊರಗಿನವರ ಕಾರ್ಯಕ್ರಮ ಇದ್ದರೆ ಹಾಲ್ ತೆರೆಯಬೇಕಾ, ಬೇಡವಾ? ಮುಂದಿನ ವಾರಕ್ಕೇ ಒಂದು ಉಂಟು.